‘70 ಅಕ್ಷರಕ್ಕೆ ಒಂದು ಎಸ್ಸೆಮ್ಮೆಸ್’ – ಇಲ್ಲಿ ಅಕ್ಷರ ಅಂದರೆ ಯಾವುದು?

ಶಾರದಾ, ತಿಪಟೂರು

ಬಳಗದ ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ಕೇಳಬೇಕಿದೆ. ಹೊಸ ಪದವೇನಲ್ಲ, ‘ಅಕ್ಷರ’.

ನಾನು ನಮ್ಮೂರಿನ ಹಾಲಿನ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಸದಸ್ಯರಿಗೆ ಎಸ್ಸೆಮ್ಮೆಸ್ ಕಳಿಸುವ ಕೆಲಸವೂ ನನ್ನದೇ. ಒಟ್ಟು 412 ಸದಸ್ಯರು. ಅರ್ಧಕ್ಕಿಂತ ಜಾಸ್ತಿ ಜನರ ಹತ್ತಿರ ಇರುವುದು ಕೀಪ್ಯಾಡ್ ಫೋನು, ಹಾಗಾಗಿ ವಾಟ್ಸಾಪ್ ನಂಬಿ ಕೂರುವಂತಿಲ್ಲ. ಎಸ್ಸೆಮ್ಮೆಸ್ ಮಾರುವವರ ದರಪಟ್ಟಿಯಲ್ಲಿ ‘ಇಂಗ್ಲಿಷ್ 160 ಅಕ್ಷರ, ಕನ್ನಡ 70 ಅಕ್ಷರ’ ಅಂತ ಇತ್ತು. ಹೋದ ತಿಂಗಳು ಈ ಸಂದೇಶ ಕಳಿಸಿದೆ:

ಸಂಘದ ವಾರ್ಷಿಕ ಸಭೆ ಭಾನುವಾರ ಬೆಳಿಗ್ಗೆ 10ಕ್ಕೆ ಸಂಘದ ಕಟ್ಟಡದಲ್ಲಿ. ಎಲ್ಲ ಸದಸ್ಯರೂ ತಪ್ಪದೆ ಬನ್ನಿ.

ಕಳಿಸುವ ಮುಂಚೆ ಬೆರಳು ಮಡಚಿ ಎಣಿಸಿದ್ದೆ. ಅಂಕಿ, ಚುಕ್ಕೆ, ನಡುವಿನ ಖಾಲಿ ಜಾಗ ಎಲ್ಲ ಸೇರಿ 50 ಬಂತು. ಬಿಲ್ಲು ಬಂದಾಗ ನೋಡಿದರೆ 412 ಅಲ್ಲ, 824 ಎಸ್ಸೆಮ್ಮೆಸ್ ಅಂತ ಹಾಕಿದ್ದಾರೆ. ವಿಚಾರಿಸಿದರೆ ‘ನಿಮ್ಮ ಸಂದೇಶದಲ್ಲಿ 84 ಅಕ್ಷರ ಇದೆ ಮೇಡಂ, ಎರಡಾಯ್ತು’ ಅಂದರು. ದೊಡ್ಡ ಮೊತ್ತವಲ್ಲ. ಆದರೆ 412 ಜನಕ್ಕೆ 824 ಯಾಕೆ ಅಂತ ಆಡಿಟ್‌ನವರು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ನನ್ನ ಪ್ರಶ್ನೆ ಎರಡು. ನಾನು ಕಲಿತ ಅಕ್ಷರ 50, ಅವರ ಅಕ್ಷರ 84. ಅವರು ಎಣಿಸುತ್ತಿರುವ ವಸ್ತುವಿಗೆ ಕನ್ನಡದಲ್ಲಿ ಬೇರೆ ಹೆಸರು ಬೇಡವಾ? ಮತ್ತೆ ಒಂದು ಸಂದೇಶ ಒಡೆದು ಎರಡಾದಾಗ ಆ ಒಂದೊಂದನ್ನು ಏನೆನ್ನಬೇಕು? ಭಾಗವೋ, ತುಂಡೋ?

ರಾಘು, ಬೆಂಗಳೂರು

ಶಾರದಾ ಅವರೇ, ಇದು ಬೈಟ್ ಲೆಕ್ಕ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಒಂದು ಅಕ್ಷರಕ್ಕೆ ಮೂರು ಬೈಟ್ ಬೇಕು. ವೆಬ್‌ಸೈಟ್ ಮಾಡುವಾಗ ನಾವು ದಿನಾ ನೋಡುವುದು ಇದನ್ನೇ. ಎಸ್ಸೆಮ್ಮೆಸ್‌ನಲ್ಲಿ ಇರುವ ಜಾಗ ಅಷ್ಟೇ, ಕನ್ನಡ ಮೂರು ಪಟ್ಟು ತಿನ್ನುತ್ತದೆ. ಹೆಸರು ಬೇಕೆಂದರೆ ‘ಬೈಟ್’ ಅಂತಲೇ ಇಟ್ಟುಕೊಳ್ಳಿ.

ಕುಲಕರ್ಣಿ ಮಾಸ್ತರ, ಧಾರವಾಡ

ಶಾರದಾ ಅವರ, ಭಾಳ ಛಲೋ ಪ್ರಶ್ನೆ ಕೇಳೀರಿ. ಶಾಲೆಯಲ್ಲಿ ಮೂವತ್ತು ವರ್ಷ ಇದನ್ನೇ ಕಲಿಸಿದ್ದೇನೆ. ‘ಸ್ತ್ರೀ’ ಎಂಬುದು ಒಂದೇ ಅಕ್ಷರ, ಅದರೊಳಗೆ ಸ್, ತ್, ರ್, ಈ ಎಂದು ನಾಲ್ಕು ವರ್ಣಗಳಿವೆ. ಯಂತ್ರ ಅಕ್ಷರವನ್ನು ಬಿಡಿಸಿ ಎಣಿಸುತ್ತದೆ ಎಂದಾದರೆ ಅದು ಎಣಿಸುತ್ತಿರುವುದು ವರ್ಣವನ್ನೇ. ನಮ್ಮಲ್ಲಿ ಪದ ಮೊದಲೇ ಇದೆ. ‘70 ವರ್ಣಕ್ಕೆ ಒಂದು ಎಸ್ಸೆಮ್ಮೆಸ್’ ಎಂದು ಬರೆಯಿರಿ.

ಇಕ್ಬಾಲ್, ಭಟ್ಕಳ

ಕನ್ನಡಕ್ಕೆ ಮಾತ್ರ ಅಲ್ಲ ಅಕ್ಕ. ನಂದು ಬಟ್ಟೆ ಅಂಗಡಿ. ಹಬ್ಬದ ಆಫರ್ ಅಂತ ಗಿರಾಕಿಗಳಿಗೆ ಇಂಗ್ಲಿಷ್‌ನಲ್ಲೇ ಕಳಿಸಿದೆ. ಸರಿಯಾಗಿ 150 ಅಕ್ಷರ, 160ರ ಒಳಗೇ ಇದೆ. ಆದ್ರೂ ಒಬ್ಬೊಬ್ಬರಿಗೆ ಮೂರು ಎಸ್ಸೆಮ್ಮೆಸ್ ಲೆಕ್ಕ ಹಾಕಿದ್ದಾರೆ. ಒಂದೇ ಒಂದು ಕನ್ನಡ ಅಕ್ಷರ ಅದರಲ್ಲಿ ಇರಲಿಲ್ಲ. ಇದು ಮೋಸವೇ ಅಂತ ನನ್ನ ಅನಿಸಿಕೆ.

ವಸುಧಾ, ಮೈಸೂರು

ನಮ್ಮ ಅಮ್ಮನ ಫೋನಿನಲ್ಲಿ ಕನ್ನಡದ ಎಸ್ಸೆಮ್ಮೆಸ್ ಬರೀ ಚೌಕ ಚೌಕವಾಗಿ ಕಾಣುತ್ತದೆ. ಜಾಸ್ತಿ ದುಡ್ಡು ಇದಕ್ಕೇನಾ?

ಜಯಂತಿ, ಬೆಂಗಳೂರು

ಎಸ್ಸೆಮ್ಮೆಸ್ ಗೇಟ್‌ವೇ ಕೆಲಸದಲ್ಲಿ ಹತ್ತಾರು ವರ್ಷ ಕಳೆದವಳು ನಾನು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ. ವಸುಧಾ ಅವರೇ, ಚೌಕ ಕಾಣುವುದು ಆ ಫೋನಿನಲ್ಲಿ ಕನ್ನಡದ ಫಾಂಟ್ ಇಲ್ಲದ್ದಕ್ಕೆ. ಸಂದೇಶ ಸರಿಯಾಗಿಯೇ ಬಂದಿರುತ್ತದೆ. ದರಕ್ಕೂ ಅದಕ್ಕೂ ಸಂಬಂಧವಿಲ್ಲ.

ಒಂದು ಎಸ್ಸೆಮ್ಮೆಸ್‌ನಲ್ಲಿ ಮಾತಿಗಾಗಿ ಇರುವ ಜಾಗ 140 ಬೈಟ್, ಅಂದರೆ 1120 ಬಿಟ್. ಇದು ಎಲ್ಲ ಭಾಷೆಗೂ ಒಂದೇ. ಇಂಗ್ಲಿಷಿಗೆ ಬಳಸುವುದು 128 ಮನೆಗಳ ಒಂದು ಹಳೇ ಪಟ್ಟಿ. 128 ಮನೆಗೆ 7 ಬಿಟ್ ಸಾಕು. 1120ನ್ನು 7ರಿಂದ ಭಾಗಿಸಿದರೆ 160. ಪಟ್ಟಿ ಯುರೋಪಿನಲ್ಲಿ ಆದದ್ದು. ಅದರಲ್ಲಿ ಗ್ರೀಕ್‌ನ ಕೆಲವು ದೊಡ್ಡಕ್ಷರಗಳಿವೆ, ಜರ್ಮನ್, ಸ್ವೀಡಿಷ್ ಭಾಷೆಗಳ ಚುಕ್ಕೆ ಇಟ್ಟ ಅಕ್ಷರಗಳೂ ಇವೆ. ಭಾರತದ ಲಿಪಿ ಒಂದೂ ಇಲ್ಲ. ಪಟ್ಟಿಯಲ್ಲಿ ಇಲ್ಲದ್ದು ಸಂದೇಶದೊಳಗೆ ಬಂದರೆ 16 ಬಿಟ್‌ನ ಬೇರೆ ಲೆಕ್ಕಕ್ಕೆ ಹೋಗಬೇಕು. 1120ನ್ನು 16ರಿಂದ ಭಾಗಿಸಿ, 70 ಬರುತ್ತದೆ.

ರಾಘು, ನೀನು ಹೇಳಿದ ಮೂರು ಬೈಟ್ ವೆಬ್‌ನ ಯುಟಿಎಫ್-8ಕ್ಕೆ ಸರಿ. ಎಸ್ಸೆಮ್ಮೆಸ್‌ನಲ್ಲಿ ಅದು ನಡೆಯುವುದಿಲ್ಲ. ನಡೆದಿದ್ದರೆ ಮಿತಿ 46 ಆಗುತ್ತಿತ್ತು, 70 ಅಲ್ಲ. ಇಲ್ಲಿ ಇಂಗ್ಲಿಷಿನದು ಒಂದು ಬೈಟೂ ಅಲ್ಲ, ಅದಕ್ಕಿಂತ ಒಂದು ಬಿಟ್ ಕಡಿಮೆ. ಕನ್ನಡದ್ದು ಎರಡು ಬೈಟ್.

ಇಕ್ಬಾಲ್ ಅವರೇ, ನಿಮ್ಮ ಸಂದೇಶದಲ್ಲಿ ₹ ಚಿಹ್ನೆ ಹಾಕಿದ್ದಿರಾ? ಆ ಚಿಹ್ನೆ ಹುಟ್ಟಿದ್ದು 2010ರಲ್ಲಿ. ಪಟ್ಟಿ ಅದಕ್ಕಿಂತ ಎಷ್ಟೋ ಹಳೆಯದು. ಯಾವ ಪಟ್ಟಿ ಅನ್ನುವುದು ಇಡೀ ಸಂದೇಶಕ್ಕೆ ಒಂದೇ ಸಲ ನಿರ್ಧಾರವಾಗುತ್ತದೆ. ಹಾಗಾಗಿ ಒಂದು ₹ ಬಂದರೆ ಉಳಿದ 149 ಇಂಗ್ಲಿಷ್ ಅಕ್ಷರಗಳೂ 16 ಬಿಟ್‌ಗೆ ಏರುತ್ತವೆ. Rs. ಅಂತ ಬದಲಿಸಿ, ಒಂದಕ್ಕೇ ಇಳಿಯುತ್ತದೆ. ವರ್ಡ್‌ನಿಂದ ನಕಲು ಮಾಡಿದಾಗ ಬರುವ ಬಾಗಿದ ಉದ್ಧರಣ ಚಿಹ್ನೆಯೂ ಇದೇ ತೊಂದರೆ ಕೊಡುತ್ತದೆ.

ಈಗ ಮಾಸ್ತರರ ಮಾತಿಗೆ ಬರುತ್ತೇನೆ. ‘ವರ್ಣ’ ನನಗೂ ಇಷ್ಟವಾಯಿತು, ಆದರೆ ಲೆಕ್ಕ ತಪ್ಪುತ್ತದೆ. ‘ಕ’ ಅಂದರೆ ಕ್ ಮತ್ತು ಅ, ಎರಡು ವರ್ಣ. ಯಂತ್ರಕ್ಕೆ ಅದು ಒಂದೇ. ‘ಕ್’ ಒಂದೇ ವರ್ಣ, ಯಂತ್ರಕ್ಕೆ ಎರಡು: ಕ ಮತ್ತು ಹಲಂತದ ಗುರುತು. ನಮ್ಮ ವ್ಯಾಕರಣದಲ್ಲಿ ವ್ಯಂಜನಕ್ಕೆ ಅಕಾರ ಸೇರಿಸಬೇಕು. ಯುನಿಕೋಡ್‌ನಲ್ಲಿ ಅಕಾರ ಮೊದಲೇ ಸೇರಿಕೊಂಡಿದೆ, ತೆಗೆಯುವುದಕ್ಕೆ ಒಂದು ಗುರುತು ಬೇಕು. ನೀವು ಹೇಳಿದ ‘ಸ್ತ್ರೀ’ ನಾಲ್ಕು ವರ್ಣ, ಯಂತ್ರಕ್ಕೆ ಆರು: ಸ, ಹಲಂತ, ತ, ಹಲಂತ, ರ, ಈ ಕಾರದ ಗುರುತು. ಕಂಪ್ಯೂಟರ್ ಇರುವವರು ಪೈಥಾನ್‌ನಲ್ಲಿ ನೋಡಬಹುದು:

```
len("ಸ್ತ್ರೀ")     # 6
len("ಸದಸ್ಯರೂ")   # 7
```

ಶಾರದಾ ಅವರೇ, ನಿಮ್ಮ ಸಂದೇಶ ಎಣಿಸಿದೆ. 84 ಸರಿಯಾಗಿದೆ. ಅವರು ತಪ್ಪು ಲೆಕ್ಕ ಕೊಟ್ಟಿಲ್ಲ, ದರಪಟ್ಟಿಯಲ್ಲಿ ತಪ್ಪು ಪದ ಬಳಸಿದ್ದಾರೆ. ಒಂದು ತುಂಡಿಗೆ ಮೀರಿದರೆ ಪ್ರತಿ ತುಂಡಿನ ಮೇಲೂ 6 ಬೈಟ್‌ನ ಒಂದು ಚೀಟಿ ಅಂಟಿಸಬೇಕು: ಇದು ಯಾವ ಸಂದೇಶದ್ದು, ಒಟ್ಟು ಎಷ್ಟು ತುಂಡು, ಇದು ಎಷ್ಟನೆಯದು. ಆಗ ಉಳಿಯುವುದು 134 ಬೈಟ್, ಅಂದರೆ 67. ನಿಮ್ಮದು 67 ಮತ್ತು 17 ಆಗಿ ಒಡೆದಿದೆ. ಆ 67 ಎಲ್ಲಿ ಬೀಳುತ್ತದೆ ನೋಡಿ: ‘ಸದಸ್ಯರೂ’ ಪದದ ಒತ್ತಕ್ಷರದ ನಡುವೆ. ಸರಿಯಾಗಿ 67ಕ್ಕೆ ಕಡಿದರೆ ಮೊದಲ ತುಂಡು ‘ಸದಸ್’ ಅಂತ ಮುಗಿಯುತ್ತದೆ, ಎರಡನೆಯದು ‘ಯರೂ ತಪ್ಪದೆ ಬನ್ನಿ’ ಅಂತ ಶುರುವಾಗುತ್ತದೆ. ಫೋನು ಚೀಟಿ ನೋಡಿ ಎರಡನ್ನೂ ಜೋಡಿಸುವುದರಿಂದ ನಮಗೆ ಗೊತ್ತಾಗುವುದಿಲ್ಲ.

ನನ್ನ ಮನಸ್ಸಿಗೆ ನೋವಾಗುವ ವಿಷಯ ಬೇರೆ. ಅದೇ ಸಂದೇಶವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದು ನೋಡಿದೆ:

Sanghada varshika sabhe bhanuvara beligge 10kke sanghada kattadadalli. Ella sadasyaru tappade banni.

ಇದು 100 ಆಯಿತು. ಕನ್ನಡ ಲಿಪಿಯಲ್ಲಿ 84. ನಮ್ಮ ಲಿಪಿಯೇ ಚಿಕ್ಕದು. ಆದರೂ 100ಕ್ಕೆ ಒಂದು ಎಸ್ಸೆಮ್ಮೆಸ್ ದರ, 84ಕ್ಕೆ ಎರಡು. ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು ಬರೀ ಅಭ್ಯಾಸದಿಂದ ಅಂತ ನಾವು ಬೈಯುತ್ತೇವೆ. ಎಸ್ಸೆಮ್ಮೆಸ್‌ನಲ್ಲಿ ಹಾಗೆ ಬರೆದವರಿಗೆ ಅರ್ಧ ದುಡ್ಡು ಉಳಿಯುತ್ತಿತ್ತು.

ಇದಕ್ಕೆ ಪರಿಹಾರ ಕಾಗದದ ಮೇಲೆ ಇದೆ. ಮೊಬೈಲ್ ಮಾನಕಗಳನ್ನು ಬರೆಯುವ 3ಜಿಪಿಪಿ ಸಂಸ್ಥೆ ಕನ್ನಡವೂ ಸೇರಿ ಭಾರತದ ಹತ್ತು ಭಾಷೆಗಳಿಗೆ 7 ಬಿಟ್‌ನ ಪಟ್ಟಿಗಳನ್ನು ಮಾಡಿದೆ. ಕನ್ನಡದ್ದು ಏಳನೇ ಪಟ್ಟಿ. ‘ಈ ಸಂದೇಶ ಏಳನೇ ಪಟ್ಟಿಯದು’ ಅಂತ ಹೇಳುವುದಕ್ಕೆ ನಾಲ್ಕು ಬೈಟ್ ಖರ್ಚಾಗಿ 155 ಉಳಿಯುತ್ತದೆ. ನಿಮ್ಮ 84 ಅದರಲ್ಲಿ ಆರಾಮಾಗಿ ಕೂರುತ್ತದೆ. ಆಂಡ್ರಾಯ್ಡ್‌ನ ಮೂಲ ಕೋಡ್‌ನಲ್ಲೂ ಕನ್ನಡದ ಪಟ್ಟಿ ಇದೆ, ಆದರೆ ಕಳಿಸುವಾಗ ತಾನಾಗಿಯೇ ಅದನ್ನು ಬಳಸುವುದಿಲ್ಲ. ಕಾರಣ ತಲುಪುವ ಕಡೆಯಲ್ಲಿದೆ. ಆ ಪಟ್ಟಿ ಗೊತ್ತಿಲ್ಲದ ಹಳೇ ಫೋನು ಅದನ್ನು ಇಂಗ್ಲಿಷ್ ಪಟ್ಟಿಯಿಂದಲೇ ಓದಿ ಅರ್ಥವಿಲ್ಲದ ಅಕ್ಷರ ತೋರಿಸುತ್ತದೆ. ಆ ಭಯಕ್ಕೆ ಕಳಿಸುವವರು ಮುಟ್ಟುವುದಿಲ್ಲ.

ಕುಲಕರ್ಣಿ ಮಾಸ್ತರ, ಧಾರವಾಡ

ಜಯಂತಿ ಅವರು ಹೇಳಿದ್ದು ಒಪ್ಪಿದೆ, ‘ವರ್ಣ’ ಹಿಂದಕ್ಕೆ ತಗೋತೀನಿ. ಆದರೆ ‘ಅಕ್ಷರ’ವನ್ನು ಮಾತ್ರ ಅವರಿಗೆ ಬಿಟ್ಟುಕೊಡಬಾರದು. ‘ಸ್ಯ’ ಒಂದೇ ಅಕ್ಷರ. ಮಕ್ಕಳಿಗೆ ಒಂದು ಹೇಳಿ, ಬಿಲ್ಲಿನಲ್ಲಿ ಮೂರು ಎಂದು ಬರೆಯುವುದು ಸರಿಯಲ್ಲ. ‘ಗುರುತು’ ಆದೀತೇ? ತುಂಡಿಗೆ ‘ಕಂತು’ ಹೇಗೆ? ಒಂದರ ಹಿಂದೆ ಒಂದು ಬರುತ್ತವಲ್ಲ.

ರಾಘು, ಬೆಂಗಳೂರು

ಮೂರು ಬೈಟ್ ಹೇಳಿದ್ದು ತಪ್ಪಾಯ್ತು, ಕ್ಷಮಿಸಿ. ‘ಕಂತು’ ಅಂದರೆ ಸಾಲದ ಕಂತು ನೆನಪಾಗುತ್ತೆ ಮೇಷ್ಟ್ರೇ. ಹಾಲಿನ ಸಂಘದ ಬಿಲ್ಲಲ್ಲಿ ‘2 ಕಂತು’ ಅಂತ ಬರೆದರೆ ಬಾಕಿ ಅಂದುಕೊಳ್ಳುತ್ತಾರೆ. ‘ತುಂಡು’ ಸಾಕು. ‘ಗುರುತು’ ಬದಲು ‘ಒತ್ತು’ ಅಂದರೆ? ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಸಾಮಾನ್ಯವಾಗಿ ಒಂದು ಕೀಲಿ ಒತ್ತಿದರೆ ಒಂದು ಲೆಕ್ಕ. ಶಾರದಾ ಅವರು ಟೈಪ್ ಮಾಡುವಾಗಲೇ ಎಣಿಸಬಹುದು.

ಜಯಂತಿ, ಬೆಂಗಳೂರು

‘ಒತ್ತು’ ಅಂದರೆ ಒತ್ತಕ್ಷರದ ಜೊತೆ ಗೊಂದಲ ಆಗುತ್ತೆ, ಅಲ್ವಾ? ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಕೀಲಿಮಣೆಯವರಿಗೆ ಎಣಿಕೆಯೂ ಹೊಂದುವುದಿಲ್ಲ. ನನ್ನ ಮತ ‘ಗುರುತು’ಗೆ. ಕಣ್ಣಿಗೆ ಕಾಣದ್ದಕ್ಕೂ ಆ ಪದ ಒಗ್ಗುತ್ತದೆ. ‘ಬ್ಯಾಂಕ್‌ನಲ್ಲಿ’ ಅಂತ ಬರೆಯುವಾಗ ಕ್ ಮತ್ತು ನ ಕೂಡಿಕೊಳ್ಳದಿರಲಿ ಅಂತ ನಡುವೆ ಕಾಣದ ಒಂದು ಗುರುತು ಇರುತ್ತದೆ. ಅದಕ್ಕೂ ದುಡ್ಡು ಕೊಡುತ್ತೇವೆ. ‘ಬ್ಯಾಂಕಿನಲ್ಲಿ’ ಅಂತ ಬರೆದರೆ ಒಂದು ಗುರುತು ಉಳಿಯುತ್ತದೆ, ಓದುವುದಕ್ಕೂ ಚೆನ್ನ.

ಇಕ್ಬಾಲ್, ಭಟ್ಕಳ

ಹೌದು, ₹ ಇತ್ತು. ಒಂದೇ ಒಂದು ಕಡೆ. Rs. ಹಾಕಿ ನೋಡಿದೆ, 152 ಆಯ್ತು, ಒಂದೇ ಎಸ್ಸೆಮ್ಮೆಸ್. ಮೋಸ ಅಂದಿದ್ದು ವಾಪಸ್ ತಗೊಂಡೆ. ಆದ್ರೆ ಕಳಿಸೋ ಮುಂಚೆ ಆ ಪ್ಯಾನೆಲ್‌ನಲ್ಲಿ ಒಂದು ಎಚ್ಚರಿಕೆ ತೋರಿಸಬಹುದಿತ್ತು.

ಶಾರದಾ, ತಿಪಟೂರು

ಎಲ್ಲರಿಗೂ ವಂದನೆಗಳು. ಜಯಂತಿ ಅವರು ಹೇಳಿದ ಹಾಗೆ ಗುರುತು ಎಣಿಸುತ್ತಾ ಸಂದೇಶ ಮೊಟಕು ಮಾಡಿದೆ:

ಸಂಘದ ವಾರ್ಷಿಕ ಸಭೆ ಭಾನುವಾರ ಬೆಳಿಗ್ಗೆ 10ಕ್ಕೆ, ಸಂಘದಲ್ಲೇ. ತಪ್ಪದೆ ಬನ್ನಿ.

65 ಗುರುತು, ಒಂದೇ ತುಂಡು. ‘ಎಲ್ಲ ಸದಸ್ಯರೂ’ ಬಿಟ್ಟಿದ್ದಕ್ಕೆ ಅಧ್ಯಕ್ಷರು ಒಪ್ಪಲಿಲ್ಲ. ಹಾಗೆ ಕರೆಯದಿದ್ದರೆ ಕೆಲವರಿಗೆ ಬೇಸರವಾಗುತ್ತದೆ ಅಂತಾರೆ. ಅದನ್ನು ಸೇರಿಸಿದರೆ ಮತ್ತೆ 70 ದಾಟುತ್ತದೆ. ಸಭೆಯಲ್ಲಿ ಕೇಳಿ ನೋಡಬೇಕು.

ನಮ್ಮ ಖರ್ಚಿನ ಪುಸ್ತಕದಲ್ಲಿ ಇವತ್ತಿನಿಂದ ಎರಡು ಹೊಸ ಕಲಂ ಹಾಕಿದ್ದೇನೆ, ‘ಗುರುತು’ ಮತ್ತು ‘ತುಂಡು’. ಹೋದ ತಿಂಗಳಿನ ಸಾಲಿನಲ್ಲಿ 84 ಮತ್ತು 2 ಅಂತ ಬರೆದು ಆಡಿಟ್‌ನವರಿಗೆ ಕೊಟ್ಟೆ. ಮಾಸ್ತರರೇ, ‘ತುಂಡು’ಗಿಂತ ಒಳ್ಳೆಯ ಪದ ಹೊಳೆದರೆ ತಿಳಿಸಿ, ಕಲಂ ಹೆಸರು ಪೆನ್ಸಿಲ್‌ನಲ್ಲೇ ಬರೆದಿದ್ದೇನೆ. ಜಯಂತಿ ಅವರೇ, ಆ ಏಳನೇ ಪಟ್ಟಿ ನಮ್ಮ ಸದಸ್ಯರ ಕೀಪ್ಯಾಡ್ ಫೋನುಗಳಿಗೆ ಗೊತ್ತಿದೆಯೋ ಇಲ್ಲವೋ ಅಂತ ಒಂದೆರಡು ಫೋನು ಹಿಡಿದು ಪರೀಕ್ಷೆ ಮಾಡುವುದು ಹೇಗೆ?