ಹಾಶಿ: ಅಂಕಿ ಎಲ್ಲ ಸರಿ, ಆದರೂ ಆ್ಯಪ್ ಒಪ್ಪುತ್ತಿಲ್ಲ

ಉಡುಪಿ_ಸಂಜೆ: ಮಗಳೂ ನಾನೂ ದಿನಾ ಒಂದು ಹಾಶಿ ಬಿಡಿಸುತ್ತೇವೆ, ಅಂಕಿ ಇರುವ ದ್ವೀಪಗಳ ನಡುವೆ ಆ ಅಂಕಿಯಷ್ಟು ಸೇತುವೆ ಹಾಕುವ ಆಟ. ಮನೆಯಲ್ಲಿ ದ್ವೀಪಕ್ಕೆ ಕುದ್ರು ಅಂತಲೇ ಹೇಳುವುದು. ಇವತ್ತಿನದು ಇದು:

```
1 . 3 . 1
. . . . .
. . 2 . 3
. . . . .
. . . . 2
```

ಎಡಗಡೆ 1ರಿಂದ 3ಕ್ಕೆ ಒಂದು ಸೇತುವೆ, ಆ 3ರಿಂದ ಕೆಳಗಿನ 2ಕ್ಕೆ ಎರಡು. ಬಲಗಡೆ 1ರಿಂದ ಕೆಳಗಿನ 3ಕ್ಕೆ ಒಂದು, ಅಲ್ಲಿಂದ ತಳದ 2ಕ್ಕೆ ಎರಡು. ಎಲ್ಲ ಅಂಕಿ ತುಂಬಿದೆ. ತಪ್ಪು ಎಲ್ಲಿ?

ಸುರತ್ಕಲ್27: ನನಗೂ ಹೀಗೇ ಆಗಿತ್ತು. ಒಂದು ಸೇತುವೆ ಇನ್ನೊಂದನ್ನು ದಾಟಿತ್ತು. ಅದನ್ನು ಅಳಿಸಿದ ಮೇಲೆ ಸರಿಯಾಯಿತು.

ಉಡುಪಿ_ಸಂಜೆ: ಇಲ್ಲಿ ಯಾವುದೂ ದಾಟಿಲ್ಲ ಮಾರಾಯ್ರೇ.

ಕದ್ರಿ_ಪೆನ್ಸಿಲ್: ಕುದ್ರುಗಳು ಎರಡು ಗುಂಪಾಗಿವೆ, ಅಲ್ವಾ? ಎಲ್ಲ ಸೇರಿ ಒಂದೇ ಗುಂಪಾಗಬೇಕು. 1ಕ್ಕೆ 1 ಸೇರಿಸಬೇಡಿ, 2ಕ್ಕೂ 2ಕ್ಕೂ ಜೋಡಿ ಸೇತುವೆ ಹಾಕಬೇಡಿ. ಅಷ್ಟು ಸಾಕು. ಅಂಕಿಗಳ ಮೊತ್ತ 12, ಅಂದರೆ 6 ಸೇತುವೆ. 6 ಕುದ್ರು ಸೇರಿಸಲು 5 ಇದ್ದರೂ ಆಗುತ್ತದೆ.

ಮೂಲ್ಕಿ_ಮೇಷ್ಟ್ರು: ಗುಂಪಾಗಿರುವುದು ಹೌದು, ಆ ಎರಡು ನಿಯಮವೂ ಸರಿ. ಆದರೆ ಇಲ್ಲಿ 1ರ ಎದುರು 1 ಇಲ್ಲ, 2ರ ಎದುರು 2 ಇಲ್ಲ. ಸೇತುವೆ ಎಣಿಸಿದರೂ ಗೊತ್ತಾಗುವುದಿಲ್ಲ. ತಪ್ಪು ಉತ್ತರದಲ್ಲೂ 6, ಸರಿ ಉತ್ತರದಲ್ಲೂ 6.

ಮೇಲಿನ 3 ನೋಡಿ. ಎಡಗಡೆ 1ಕ್ಕೆ ಬೇರೆ ದಾರಿಯೇ ಇಲ್ಲ, ಹಾಗಾಗಿ ಅಲ್ಲಿಗೆ ಒಂದು ಸೇತುವೆ ಖಂಡಿತ. ಉಳಿದ ಎರಡನ್ನೂ ಕೆಳಗಿನ 2ಕ್ಕೆ ಕೊಟ್ಟರೆ 1, 3, 2 ಮೂರೂ ತುಂಬಿ ಹೋಗುತ್ತವೆ. ಹೊರಗೆ ಹೋಗಲು ಒಂದು ಸೇತುವೆಯೂ ಉಳಿಯುವುದಿಲ್ಲ. ಆದ್ದರಿಂದ 3ರಿಂದ ಬಲಗಡೆ 1ಕ್ಕೆ ಒಂದು ಹೋಗಲೇಬೇಕು. ಆ 1 ಅಲ್ಲಿಗೆ ಮುಗಿಯಿತು, ಇನ್ನು ಅದು ಕೆಳಗೆ ಇಳಿಯುವಂತಿಲ್ಲ.

ತಳದ 2ಕ್ಕೆ ಇರುವುದು ಬಲಗಡೆಯ 3 ಮಾತ್ರ, ಅಲ್ಲಿಗೆ ಎರಡು. ಆ 3ಕ್ಕೆ ಉಳಿದ ಒಂದು ನಡುವಿನ 2ಕ್ಕೆ ಹೋಗುತ್ತದೆ. ನಡುವಿನ 2ಕ್ಕೆ ಇನ್ನೊಂದು ಮೇಲಿನಿಂದ ಬರುತ್ತದೆ. ಬೇರೆ ಉತ್ತರ ಇಲ್ಲ.

ಒಂದು ಅಭ್ಯಾಸ ಮಾಡಿಕೊಳ್ಳಿ. ಯಾವುದಾದರೂ ಕುದ್ರು ತುಂಬಿಸುವ ಮೊದಲು, ಅದರ ಗುಂಪಿನಲ್ಲಿ ಬೇರೆ ಯಾವುದಕ್ಕಾದರೂ ಸೇತುವೆ ಬಾಕಿ ಇದೆಯಾ ನೋಡಿ. ಬಾಕಿ ಇಲ್ಲದೆ ಗುಂಪು ಮುಚ್ಚಬಹುದಾದದ್ದು ಕಟ್ಟಕಡೆಯ ಸೇತುವೆಯಲ್ಲಿ ಮಾತ್ರ.

ಉಡುಪಿ_ಸಂಜೆ: ಆಯಿತು ಮೇಷ್ಟ್ರೇ! ಮಗಳು 1ರಿಂದ ತಳದ 2ರವರೆಗೆ ಬೆರಳಿಟ್ಟು ನಡೆದು ನೋಡಿದಳು. ಎಲ್ಲ ಸೇರಿದೆ.

ಕದ್ರಿ_ಪೆನ್ಸಿಲ್: ಹೌದು, ಮೂರು ಕುದ್ರುಗಳ ಗುಂಪು ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ಆದರೆ 25ಕ್ಕೆ 25ರ ದೊಡ್ಡ ಪಟದಲ್ಲಿ ಹತ್ತು ಕುದ್ರುಗಳ ಗುಂಪು ಮುಚ್ಚಿಕೊಳ್ಳುವುದು ಮೊದಲೇ ಹೇಗೆ ಕಾಣುತ್ತದೆ?

ಮೂಲ್ಕಿ_ಮೇಷ್ಟ್ರು: ನಾನು ಪ್ರತಿ ಗುಂಪಿಗೂ ಬೇರೆ ಬಣ್ಣದ ಪೆನ್ಸಿಲ್ ಹಚ್ಚುತ್ತೇನೆ, ಬಾಕಿ ಸೇತುವೆಯ ಲೆಕ್ಕ ಪಕ್ಕದಲ್ಲಿ ಬರೆಯುತ್ತೇನೆ. ಲೆಕ್ಕ 1ಕ್ಕೆ ಇಳಿದರೆ ನಿಂತು ಯೋಚಿಸುತ್ತೇನೆ. ಆದರೂ ಕೆಲವು ಕಡೆ ಹಾಕಿ ನೋಡಿ ಅಳಿಸಬೇಕಾಗುತ್ತದೆ.

ಸುರತ್ಕಲ್27: ಅಳಿಸದೆ ಬಿಡಿಸುವ ದಾರಿ ಇರಲೇಬೇಕು ಅಂತ ನನಗೆ ಅನಿಸುತ್ತದೆ. ನನ್ನ ದೊಡ್ಡ ಪಟ ನಾಳೆ ಇಲ್ಲಿ ಹಾಕುತ್ತೇನೆ, ನೋಡಿ.