‘ಏರು ತ್ರಿಕೋನ’ ಅಂದರೆ ಬೆಲೆ ಏರುತ್ತದೆ ಅಂತಲೇ?

ಶಿರಸಿಯಿಂದ:
ಷೇರು ಚಾರ್ಟ್ ಬಗ್ಗೆ ಟಿಪ್ಪಣಿ ಬರೆಯುತ್ತಿದ್ದೇನೆ. ಬೆಲೆಯ ಉಬ್ಬುಗಳ ಮೇಲೊಂದು, ತಗ್ಗುಗಳ ಕೆಳಗೊಂದು ಗೆರೆ ಎಳೆದಾಗ ಅವು ಹತ್ತಿರವಾಗುತ್ತ ಹೋದರೆ ತ್ರಿಕೋನ ಕಾಣುತ್ತದೆ. ಅಸೆಂಡಿಂಗ್ ಟ್ರಯಾಂಗಲ್‌ಗೆ ‘ಏರು ತ್ರಿಕೋನ’, ಡಿಸೆಂಡಿಂಗ್‌ಗೆ ‘ಇಳಿ ತ್ರಿಕೋನ’, ಸಿಮೆಟ್ರಿಕಲ್‌ಗೆ ‘ಸಮಬಾಹು’ ಅಂತ ಹಾಕಿದೆ. ಓದಿದ ಭಾವ, “ಏರು ಕಂಡ ಕೂಡಲೇ ಕೊಂಡುಬಿಡೋದು, ಅಲ್ವಾ?” ಎಂದ. ಹೆಸರೇ ದಾರಿ ತಪ್ಪಿಸುತ್ತಿದೆಯಾ? ಬೆಲೆ ಗೆರೆ ದಾಟಿ ಹೊರಬೀಳುವ ಬ್ರೇಕ್‌ಔಟ್‌ಗೂ ಒಂದು ಪದ ಬೇಕು.

ಕುಮಟಾದಿಂದ:
ಸಮಬಾಹು ತಪ್ಪು. ಮೂರೂ ಬದಿ ಸಮ ಇರುವುದಿಲ್ಲ. ‘ಸಮದ್ವಿಬಾಹು’ ಅನ್ನಿ. ಅದರಲ್ಲಿ ಬೆಲೆ ಯಾವ ಕಡೆಗೂ ಹೋಗಬಹುದು. ಹಾಗಾಗಿ ಎರಡು ಗೆರೆ ಸೇರುವ ತುದಿಯವರೆಗೂ ಕಾಯಬೇಕು.

ಕಾರವಾರದಿಂದ:
ಕುಮಟಾದವರ ತಿದ್ದುಪಡಿ ಅರ್ಧ ಸರಿ. ತುದಿಯವರೆಗೆ ಕಾಯಬಾರದು. ತ್ರಿಕೋನದ ಉದ್ದದಲ್ಲಿ ಮೂರನೇ ಎರಡರಿಂದ ಮುಕ್ಕಾಲು ಭಾಗದೊಳಗೆ ಬೆಲೆ ಹೊರಬಿದ್ದರೆ ಅದಕ್ಕೆ ಬಲ ಜಾಸ್ತಿ. ತುದಿಗೆ ಹೋದರೆ ಸುಮ್ನೆ ಅಡ್ಡಡ್ಡ ತೆವಳುತ್ತದೆ. ಈ ಸಿಮೆಟ್ರಿಕಲ್ ಬಗೆಯಲ್ಲಿ ಬೆಲೆ ಸಾಮಾನ್ಯವಾಗಿ ಮೊದಲು ಬಂದ ದಿಕ್ಕಿನಲ್ಲೇ ಮುಂದುವರಿಯುತ್ತದೆ, ಆದರೆ ಖಾತ್ರಿಯಿಲ್ಲ.

‘ಏರು’ ಅನ್ನುವುದು ಕೆಳಗೆರೆಗೆ ಮಾತ್ರ. ಮೇಲ್ಗೆರೆ ಮಟ್ಟಸವಾಗಿರುತ್ತದೆ. ಮೇಲೆ ಹೋಗುವ ಒಲವು ಇದೆ, ಅಷ್ಟೆ. ನನ್ನದೇ ಕತೆ ಹೇಳುತ್ತೇನೆ. ಒಂದು ಷೇರು ಮೂರು ಸಲ 500ಕ್ಕೆ ತಾಗಿ ಹಿಂದೆ ಬಂತು. ತಗ್ಗುಗಳು 440, 460, 475. ಒಂದು ಮಧ್ಯಾಹ್ನ 508 ಆಯಿತು, ನಾನು 506ಕ್ಕೆ ಕೊಂಡೆ. ದಿನ ಮುಗಿದದ್ದು 496ಕ್ಕೆ. ಕೈಬದಲಾದ ಷೇರುಗಳೂ ದಿನದ ಸರಾಸರಿಗಿಂತ ಕಡಿಮೆ. ವಾರದೊಳಗೆ ಕೆಳಗೆರೆಯನ್ನೇ ದಾಟಿ 470ಕ್ಕೆ ಮುಗಿಯಿತು. ಏರು ತ್ರಿಕೋನ ಕೆಳಕ್ಕೆ ಒಡೆಯಿತು!

ದಿನದ ಕೊನೆಯ ಬೆಲೆ 500ರ ಮೇಲೆ ನಿಂತು, ವಹಿವಾಟೂ ಎದ್ದು ಕಾಣುವಷ್ಟು ಹೆಚ್ಚಿದ್ದರೆ ನಂಬಬಹುದಿತ್ತು. ಆಗ 500ಕ್ಕೂ ಮೊದಲ ತಗ್ಗು 440ಕ್ಕೂ ಇರುವ ಅಂತರ, ಅಂದರೆ ತ್ರಿಕೋನದ ಎತ್ತರ 60ನ್ನು 500ಕ್ಕೆ ಕೂಡಿಸಿ 560ರ ಗುರಿ ಇಡುತ್ತಾರೆ.

ಸಿದ್ದಾಪುರದಿಂದ:
ರಾಶಿ ಅಡಿಕೆ ದರಕ್ಕೂ ಇದು ಹಿಡಿಯುತ್ತದಾ? ಮೂಟೆ ಇಟ್ಟುಕೊಂಡು ಕೂತಿದ್ದೇನೆ.

ಕಾರವಾರದಿಂದ:
ಅಲ್ಲಿ ಒಂದೊಂದು ಲಾಟಿಗೆ ಒಂದೊಂದು ದರ. ಗುಣಮಟ್ಟ ಬದಲಾದರೂ ದರ ಬದಲಾಗುತ್ತದೆ. ಗೆರೆ ಎಳೆಯುವುದು ಯಾವುದರ ಮೇಲೆ? ನಾನಾದರೆ ಎಳೆಯುವುದಿಲ್ಲ.

ಕುಮಟಾದಿಂದ:
ಬ್ರೇಕ್‌ಔಟ್‌ಗೆ ‘ಕಟ್ಟೆ ಒಡೆತ’ ಹೇಗೆ? ಹಿನ್ನೀರಿನ ಅಂಚಿನ ನಮ್ಮ ಗಜನಿ ಗದ್ದೆಯಲ್ಲಿ, ಕಡಲು ಉಕ್ಕುವ ಭರತದ ದಿನ ನೀರು ಕಟ್ಟೆ ಹಾರಿ ಒಳಗೆ ಚಿಮ್ಮುತ್ತದೆ. ಅದಕ್ಕೆ ಯಾರೂ ಕಟ್ಟೆ ಒಡೆಯಿತು ಅನ್ನುವುದಿಲ್ಲ. ನಿಮ್ಮ 508 ಅಂಥ ಚಿಮ್ಮು.

ಶಿರಸಿಯಿಂದ:
ಇದನ್ನೇ ತೆಗೆದುಕೊಳ್ಳುತ್ತೇನೆ. ‘ಮೇಲೊಡೆತ’, ‘ಕೆಳಒಡೆತ’ ಅಂತ ದಿಕ್ಕನ್ನೂ ಹೇಳಬಹುದು. ‘ಏರು ತ್ರಿಕೋನ’ ಬಿಟ್ಟು ‘ಏರುತಳದ ತ್ರಿಕೋನ’ ಅಂದರೆ ಭಾವನಿಗೆ ಗೊಂದಲ ಆಗದೇನೋ. ‘ಸಮದ್ವಿಬಾಹು’ ಮಾತ್ರ ಇನ್ನೂ ಒಪ್ಪಿಗೆಯಿಲ್ಲ, ಚಾರ್ಟಿನ ಎರಡು ಗೆರೆ ಅಳೆದರೆ ಸಮ ಬರುವುದು ಅಪರೂಪ. ಬೇರೆ ಪದ ಯಾರಿಗಾದರೂ ಹೊಳೆದೀತಾ?