ಈ ವಾರದ ಸಮಸ್ಯೆ: ‘ಕೆರೆಯು ಕಣ್ಣನು ಮುಚ್ಚಿ ಮಲಗಿತು’

ಷಟ್ಪದಿಪ್ರಿಯ: ಕೊನೇ ಸಾಲು ಕೊಟ್ಟಿದೀನಿ, ಮಾತ್ರೆ 3-4-3-4. ಹಿಂದೆ ಒಂದೇ ಒಂದು ಸಾಲು ಕೂಡಿಸಿ, ಯಾವ ಅಲಂಕಾರ, ಯಾಕೆ ಅಂತನೂ ಹೇಳ್ಬೇಕು.

ಕೆರೆಏರಿ:
ಹಾಲು ಕುಡಿದಿಹ ಕೂಸಿನಂತೆಯೆ
ಕೆರೆಯು ಕಣ್ಣನು ಮುಚ್ಚಿ ಮಲಗಿತು
ಉಪಮೆ. ಕೆರೆ ಬೇರೆ ಕೂಸು ಬೇರೆ, ನಡುವೆ ‘ಅಂತೆ’ ಇದೆ.

ಮಂಡ್ಯದವ:
ನಾಳೆ ಮಳೆಯದು ಬರುವುದಂತೆನೆ
ಕೆರೆಯು ಕಣ್ಣನು ಮುಚ್ಚಿ ಮಲಗಿತು
ನಂದೂ ಉಪಮೆನೇ ಸಾರ್, ‘ಅಂತೆ’ ಬಂದಿದೆಯಲ್ಲ.

ಷಟ್ಪದಿಪ್ರಿಯ: ಇಲ್ಲ ಮಾರಾಯ್ರೆ, ‘ಅಂತೆ’ ಜಾಗದಲ್ಲಿ ‘ಹಾಗೆ’ ಇಟ್ಟು ನೋಡಿ. ‘ಕೂಸಿನ ಹಾಗೆ ಕೆರೆ ಮಲಗಿತು’ ಸರಿಹೋಗತ್ತೆ, ‘ಮಳೆ ಬರೋದರ ಹಾಗೆ ಕೆರೆ ಮಲಗಿತು’ ಅಂದ್ರೆ ಅರ್ಥನೇ ಕೆಡತ್ತೆ, ಯಾಕಂದ್ರೆ ನಿಮ್ಮದು ಯಾರೋ ಹೇಳಿದ ಸುದ್ದಿಯ ‘ಅಂತೆ’. ಆದ್ರೆ ಆ ಸುದ್ದಿ ಕೇಳಿ ಬತ್ತಿದ ಕೆರೆ ನೆಮ್ಮದಿಯಾಗಿ ನಿದ್ದೆ ಹೋಯ್ತು ಅಂತ ಓದ್ಕೊಂಡ್ರೆ, ಕೇಳೋದು ನಂಬೋದು ಎಲ್ಲಾ ಮನುಷ್ಯರ ಕೆಲಸ, ಮಾನವೀಕರಣ ನಿಮ್ಮಲ್ಲೇ ಎಲ್ಲರಿಗಿಂತ ಗಟ್ಟಿ.

ಮಲ್ನಾಡ್‌ಹುಡ್ಗಿ:
ಇರುಳ ಕಂಬಳಿ ಮೇಲೆ ಬಿದ್ದೊಡೆ
ಕೆರೆಯು ಕಣ್ಣನು ಮುಚ್ಚಿ ಮಲಗಿತು
ಮೊದಲ ಸಾಲು ರೂಪಕ. ‘ಇರುಳೆಂಬ ಕಂಬಳಿ’ ಅಂತ ಬಿಡಿಸಬಹುದು, ‘ಕುರಿಯ ಕಂಬಳಿ’ನ ಹಾಗೆ ಬಿಡಿಸೋಕಾಗಲ್ಲ.

ಷಟ್ಪದಿಪ್ರಿಯ: ಆಹಾ, ‘ಎಂಬ’ ಹಾಕಿ ನೋಡಿದ್ದು ಚೆನ್ನಾಗಿದೆ!

ಅಮ್ಮು_ಅಮ್ಮ: ಪದ್ಯ ಬರಿಯೋಕೆ ಬರಲ್ಲ, ಒಂದು ಡೌಟು. ಬೇಂದ್ರೆಯವರ ‘ಹಕ್ಕಿ ಹಾರುತಿದೆ ನೋಡಿದಿರಾ’ಕ್ಕೆ ಮಗಳು ರೂಪಕ ಅಂತ ಬರೆದ್ಲು, ಟೀಚರ್ ತಪ್ಪು ಹಾಕಿದಾರೆ, ಇಂಗ್ಲಿಷ್ ಕ್ಲಾಸಲ್ಲಿ ಇಂಥದ್ದೇ ಮೆಟಫರ್ ಅಂದ್ರೆ ಸರಿ ಅಂತಾರಂತೆ.

ಷಟ್ಪದಿಪ್ರಿಯ: ಇಬ್ಬರೂ ಸರಿ ಅಮ್ಮಾ. ಆ ಸಾಲಲ್ಲಿ ಕಾಲ ಅನ್ನೋ ಮಾತೇ ಇಲ್ಲ, ಹಕ್ಕಿ ಅದನ್ನ ಪೂರ್ತಿ ನುಂಗಿದೆ. ‘ಕಾಲವೆಂಬ ಹಕ್ಕಿ’ ಅಂದಿದ್ರೆ ರೂಪಕ, ಕಾಲ ಮರೆಯಾದಾಗ ನಮ್ಮ ಅಲಂಕಾರಶಾಸ್ತ್ರ ರೂಪಕಾತಿಶಯೋಕ್ತಿ ಅನ್ನತ್ತೆ. ಇಂಗ್ಲಿಷಲ್ಲಿ ಎರಡನ್ನೂ ಮೆಟಫರ್ ಅಂದ್ರೆ ನಡೆಯತ್ತೆ.

ಮಂಡ್ಯದವ: ಹಂಗಾದ್ರೆ ಸ್ಯಾಂಡ್‌ಬರ್ಗ್‌ದು, ‘ದ ಫಾಗ್ ಕಮ್ಸ್ ಆನ್ ಲಿಟಲ್ ಕ್ಯಾಟ್ ಫೀಟ್’? ಮಂಜು ನಡ್ಕೊಂಡು ಬರ್ತದೆ, ಮಾನವೀಕರಣ ತಾನೆ?

ಮಲ್ನಾಡ್‌ಹುಡ್ಗಿ: ಬೆಕ್ಕಿನ ಹೆಜ್ಜೆ ಅಲ್ವಾ ಅದು, ಮನುಷ್ಯರದ್ದಲ್ಲ. ‘ಲೈಕ್’ ಅಂತನೂ ಇಲ್ಲ, ಅದಕ್ಕೆ ನಾನು ಮೆಟಫರ್ ಅಂತೀನಿ. ನಮ್ಮೂರಲ್ಲಿ ಬೆಳಿಗ್ಗೆ ಬಾಗಿಲು ತೆಗೆದ್ರೆ ಮಂಜು ಹಂಗೇ ಸದ್ದಿಲ್ದೆ ಅಂಗಳದಲ್ಲಿ ಕೂತಿರ್ತದೆ, ಬಂದದ್ದೇ ಗೊತ್ತಾಗಲ್ಲ.

ಕೆರೆಏರಿ: ಮತ್ತೆ ನನ್ನ ಪದ್ಯದಲ್ಲಿ ‘ಮಲಗಿತು’ ಮಾನವೀಕರಣನೂ ಹೌದಾ?

ಷಟ್ಪದಿಪ್ರಿಯ: ನನ್ ಲೆಕ್ಕದಲ್ಲಿ ಅಲ್ಲ, ಅದು ಕೂಸಿಗೂ ಕೆರೆಗೂ ಸಮಾನವಾದ ಧರ್ಮ ಅಷ್ಟೆ.

ಮಲ್ನಾಡ್‌ಹುಡ್ಗಿ: ನಾನು ಒಪ್ಪಲ್ಲ ಸಾರ್. ಕೂಸಿಗೆ ಕಣ್ಣಿದೆ, ಕೆರೆಗೆ ಕಣ್ಣು ಕೊಟ್ಟಿದ್ದು ನೀವು ಕೊಟ್ಟ ಸಾಲೇ ಅಲ್ವಾ?